ನಿವೃತ್ತಿಯ ಪೋಸ್ಟಿನಲ್ಲಿ ಹ್ಯಾಶ್‌ಟ್ಯಾಗ್ ಎಷ್ಟು, ಇಮೋಜಿ ಎಷ್ಟು?

ಪ್ರಶ್ನೆ: ನನ್ನ ಅಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ಮೊನ್ನೆ ಶುಕ್ರವಾರ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡು ಕುಳಿತ ಅವರ ಫೋಟೊ ಜೊತೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ ಹಾಕಲು ಇದನ್ನು ಬರೆದಿದ್ದೇನೆ:

"ನನ್ನ ಸೂಪರ್ #ಅಮ್ಮ ಇಂದು ನಿವೃತ್ತಿ 🎉🎉🎉 34 ವರ್ಷಗಳ #ಸಾರ್ಥಕಸೇವೆ 🙏🙏🙏 ಎಷ್ಟೋ ಮಕ್ಕಳ ಬಾಳಿಗೆ ಬೆಳಕು 🪔✨ ಲವ್ ಯೂ ಅಮ್ಮ ❤️❤️❤️😭 #ProudDaughter #Blessed #Teacher #Retirement #MomLove #Karnataka #Inspiration"

ನನ್ನ ತಮ್ಮ ಓದಿ, "ಅಕ್ಕಾ, ಇದು ಜಾಹೀರಾತಿನ ಹಾಗಿದೆ" ಎಂದ. ಎಲ್ಲವನ್ನೂ ತೆಗೆದು ನೋಡಿದರೆ ಸಪ್ಪೆಯಾಗಿ ಕಾಣುತ್ತದೆ. ಎಷ್ಟು ಉಳಿಸಲಿ, ಎಲ್ಲಿ ಉಳಿಸಲಿ? ಅಮ್ಮನ ಬ್ಯಾಗಿನಲ್ಲಿ ಸದಾ ನಾಲ್ಕೈದು ಬಳಪ ಇರುತ್ತಿದ್ದವು, ಮನೆಯಿಂದ ತರಲಾಗದ ಮಕ್ಕಳಿಗೆಂದು. ಇನ್ನು ನಿಧಾನವಾಗಿ ಏಳಿ ಎಂದು ನಾವೆಲ್ಲ ಹೇಳಿದ್ದರೂ ನಿವೃತ್ತಿಯ ಮರುದಿನವೂ ಅವರು ಐದಕ್ಕೇ ಎದ್ದು ಟಿಫಿನ್ ಡಬ್ಬಿ ತೊಳೆದಿಟ್ಟರು. ಅಂಥವರ ಬಗ್ಗೆ ಸಪ್ಪೆಯಾಗಿ ಬರೆಯಲು ಮನಸ್ಸು ಬರುವುದಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಮೂರು ವಾಕ್ಯಗಳಲ್ಲಿ ಇರುವ ಭಾವನೆ ನಿಮ್ಮ ಪೋಸ್ಟಿನಲ್ಲಿ ಎಲ್ಲಿಯೂ ಇಲ್ಲ. ಬಳಪದ ಸಂಗತಿಯನ್ನು ನನಗೆ ಹೇಳುವಾಗ ನಿಮಗೆ ಒಂದು ಇಮೋಜಿಯ ಅಗತ್ಯವೂ ಕಾಣಲಿಲ್ಲ, ಏಕೆಂದರೆ ಆ ವಾಕ್ಯ ತಾನೇ ಎಲ್ಲವನ್ನೂ ಹೊತ್ತಿತ್ತು. ಪೋಸ್ಟಿನಲ್ಲಿ ಮಾತ್ರ "ಸಾರ್ಥಕ ಸೇವೆ", "ಬಾಳಿಗೆ ಬೆಳಕು" ಎಂಬಂತಹ, ಯಾವ ಶಿಕ್ಷಕರ ಬೀಳ್ಕೊಡುಗೆಯ ಬ್ಯಾನರಿಗೂ ಹೊಂದುವ ಮಾತುಗಳನ್ನು ಇಟ್ಟು, ಅವುಗಳಲ್ಲಿ ಇಲ್ಲದ ಭಾರವನ್ನು ಚಿಹ್ನೆಗಳಿಂದ ತುಂಬಲು ಪ್ರಯತ್ನಿಸಿದ್ದೀರಿ. ಎಲ್ಲವನ್ನೂ ತೆಗೆದಾಗ ಸಪ್ಪೆಯಾಗಿ ಕಂಡದ್ದು ಚಿಹ್ನೆಗಳು ಹೋದದ್ದರಿಂದಲ್ಲ. ಅವುಗಳ ಹಿಂದೆ ಇದ್ದ ಮಾತು ಮೊದಲಿನಿಂದಲೂ ಸಪ್ಪೆಯಾಗಿದ್ದುದು ಆಗ ಕಣ್ಣಿಗೆ ಬಿತ್ತು. ಆದ್ದರಿಂದ ಎಷ್ಟು ಇಡಬೇಕೆಂಬುದಕ್ಕಿಂತ ಮೊದಲು, ಪ್ರತಿಯೊಂದು ಚಿಹ್ನೆಯೂ ಯಾರಿಗಾಗಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ನೋಡೋಣ.

ಮೊದಲಿಗೆ ಹ್ಯಾಶ್‌ಟ್ಯಾಗ್. 2007ರ ಆಗಸ್ಟ್ ತಿಂಗಳಿನಲ್ಲಿ ಕ್ರಿಸ್ ಮೆಸಿನಾ ಎಂಬುವರು ಟ್ವಿಟರ್‌ನಲ್ಲಿ, ಒಂದೇ ವಿಷಯವನ್ನು ಕುರಿತ ಚದುರಿದ ಟ್ವೀಟುಗಳನ್ನು ಒಂದೆಡೆ ಸೇರಿಸಲು # ಗುರುತನ್ನು ಬಳಸಬಹುದಲ್ಲವೇ ಎಂದು ಸೂಚಿಸಿದರು. ಟ್ವಿಟರ್ 2009ರಲ್ಲಿ ಅವುಗಳನ್ನು ಒತ್ತಿ ತೆರೆಯುವ ಕೊಂಡಿಗಳನ್ನಾಗಿಸಿತು. ಫೇಸ್‌ಬುಕ್‌ಗೆ ಅವು 2013ರಲ್ಲಿ ಬಂದವು. ಈ ಹಿನ್ನೆಲೆಯನ್ನು ಹೇಳಿದ್ದಕ್ಕೆ ಕಾರಣವಿದೆ: ಹ್ಯಾಶ್‌ಟ್ಯಾಗ್ ಹುಟ್ಟಿದ್ದೇ ಪರಸ್ಪರ ಪರಿಚಯವಿಲ್ಲದವರು ಒಂದು ವಿಷಯದ ಸುತ್ತ ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ ಎಂದು. #Retirement ಎಂದು ಬರೆದಾಗ ನೀವು ನಿಮ್ಮ ಚಿಕ್ಕಮ್ಮನೊಡನೆಯಾಗಲಿ, ತಾಯಿಯವರ ಸಹೋದ್ಯೋಗಿಗಳೊಡನೆಯಾಗಲಿ ಮಾತನಾಡುತ್ತಿಲ್ಲ. ಆ ಪದವನ್ನು ಹುಡುಕುವ ಅಪರಿಚಿತರ ಕಡೆಗೆ, ಅವರಿಗೆ ಪೋಸ್ಟನ್ನು ತೋರಿಸುವ ಯಂತ್ರದ ಕಡೆಗೆ ತಿರುಗಿದ್ದೀರಿ. ಆಪ್ತರ ನಡುವೆ ಹೇಳುತ್ತಿದ್ದ ಮಾತಿನ ಮಧ್ಯೆ ಹೀಗೆ ಮುಖ ತಿರುಗಿಸುವುದನ್ನು ಓದುವವರು ಕೂಡಲೇ ಗುರುತಿಸುತ್ತಾರೆ. ನಿಮ್ಮ ತಮ್ಮ "ಜಾಹೀರಾತು" ಎಂದದ್ದು ಇದನ್ನೇ, ಮತ್ತು ಅವರ ಕಿವಿ ಸರಿಯಾಗಿದೆ.

ಕೊನೆಯ ಸಾಲಿನ ಏಳು ಟ್ಯಾಗುಗಳು ಎರಡು ಬಗೆಯವು. #Teacher, #Retirement, #Karnataka, #Inspiration ಇವು ಹುಡುಕುವವರಿಗಾಗಿ ಇಟ್ಟವು. ಆದರೆ ಇಷ್ಟು ವಿಶಾಲವಾದ ಟ್ಯಾಗಿನ ಅಡಿಯಲ್ಲಿ ಎಣಿಕೆಗೆ ಸಿಗದಷ್ಟು ಪೋಸ್ಟುಗಳು ಬಿದ್ದಿರುತ್ತವೆ. ಅಲ್ಲಿ ನಿಮ್ಮ ಪೋಸ್ಟು ಯಾರಿಗಾದರೂ ಕಂಡರೂ ಅದು ನಿಮ್ಮ ತಾಯಿಯವರನ್ನು ಬಲ್ಲವರಿಗೆ ಕಾಣುವ ಸಂಭವ ಕಡಿಮೆ. ನಿಮ್ಮ ಖಾತೆ ಖಾಸಗಿಯಾಗಿದ್ದರೆ, ಅಥವಾ ಪೋಸ್ಟನ್ನು ಸ್ನೇಹಿತರಿಗೆ ಮಾತ್ರ ಕಾಣುವಂತೆ ಇಟ್ಟಿದ್ದರೆ, ಟ್ಯಾಗ್ ಅದನ್ನು ಹೊರಗಿನವರಿಗೆ ತೋರಿಸುವುದೂ ಇಲ್ಲ. ಆಗ ಉಳಿಯುವುದು ಅದರ ಸದ್ದು ಮಾತ್ರ. ಇನ್ನುಳಿದ #ProudDaughter, #Blessed, #MomLove ಇವು ಹುಡುಕಾಟಕ್ಕಾಗಿ ಇಟ್ಟವಲ್ಲ. ಭಾವನೆಗೆ ಅಂಟಿಸಿದ ಚೀಟಿಗಳು. ಪ್ರಾಮಾಣಿಕತೆಗೆ ಹೆಚ್ಚು ಪೆಟ್ಟು ಕೊಡುವವು ಇವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಮ್ಮೆ ಎಂಬುದು ನಿಮ್ಮ ವಾಕ್ಯವನ್ನು ಓದಿದವರಿಗೆ ತಾನಾಗಿ ತಿಳಿಯಬೇಕಾದ ಸಂಗತಿ. ಅದನ್ನು ಸಾವಿರಾರು ಜನ ಬಳಸಿದ ತಯಾರಿ ಮಾತಿನಲ್ಲಿ ಘೋಷಿಸಿದಾಗ ನಿಮ್ಮ ಹೆಮ್ಮೆ ಅವರೆಲ್ಲರ ಹೆಮ್ಮೆಯ ಸಾಲಿನಲ್ಲಿ ಒಂದಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, #ProudDaughter ಎಂಬ ಟ್ಯಾಗ್ ಓದುಗರ ಕಣ್ಣನ್ನು ತಾಯಿಯವರಿಂದ ಮಗಳ ಕಡೆಗೆ ಸರಿಸುತ್ತದೆ. ನಿವೃತ್ತರಾದವರು ಅವರು.

ವಾಕ್ಯದ ಒಳಗೇ ಸೇರಿಸಿದ #ಅಮ್ಮ ಮತ್ತು #ಸಾರ್ಥಕಸೇವೆ ಬೇರೆಯೇ ತೊಂದರೆ ಕೊಡುತ್ತವೆ, ಮತ್ತು ಇದು ಕನ್ನಡಕ್ಕೆ ವಿಶೇಷವಾಗಿ ಅನ್ವಯಿಸುವ ತೊಂದರೆ. ನಮ್ಮ ನುಡಿಯಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. #ಅಮ್ಮನಿಗೆ ಎಂದು ಬರೆದರೆ ಅದು #ಅಮ್ಮ ಎಂಬ ಟ್ಯಾಗ್ ಆಗಿ ಉಳಿಯುವುದಿಲ್ಲ, ಬೇರೊಂದು ಟ್ಯಾಗ್ ಆಗುತ್ತದೆ. ಟ್ಯಾಗ್ ಉಳಿಯಲೆಂದು "#ಅಮ್ಮ ನಿಗೆ" ಎಂದು ಬಿಡಿಸಿದರೆ ಕನ್ನಡವೇ ಮುರಿಯುತ್ತದೆ. ಹಾಗಾಗಿ ವಾಕ್ಯದಲ್ಲಿ ಟ್ಯಾಗ್ ಹಾಕುವವರು ತಮಗರಿವಿಲ್ಲದೆಯೇ ಪ್ರತ್ಯಯ ಬೇಡದ, ಕ್ರಿಯಾಪದ ಬೇಡದ ತುಂಡು ಮಾತುಗಳ ಕಡೆಗೆ ಜಾರುತ್ತಾರೆ. "34 ವರ್ಷಗಳ #ಸಾರ್ಥಕಸೇವೆ" ಎಂಬುದು ವಾಕ್ಯವಲ್ಲ, ಫಲಕದ ಬರಹ.

ಇಮೋಜಿಯೂ ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ. "ಅಮ್ಮ ಇಂದು ನಿವೃತ್ತಿ 🎉🎉🎉" ಎಂಬ ನಿಮ್ಮ ಮೊದಲ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ. ಕ್ರಿಯಾಪದ ಇರಬೇಕಾದ ಜಾಗದಲ್ಲಿ ಪಟಾಕಿ ಕುಳಿತಿದೆ. ಕನ್ನಡದಲ್ಲಿ ಹಿರಿಯರಿಗೆ ನಾವು ಕೊಡುವ ಗೌರವ ಬಹುಮಟ್ಟಿಗೆ ವಾಕ್ಯದ ಕೊನೆಯ ಕ್ರಿಯಾಪದದಲ್ಲಿಯೇ ಇರುತ್ತದೆ. "ನಿವೃತ್ತರಾದರು" ಎಂಬಲ್ಲಿನ ಆ "ಅರು" ಹೋದರೆ ಅದರೊಂದಿಗೆ ಗೌರವವೂ ಹೋಯಿತು. ಮೂರಲ್ಲ, ಮೂವತ್ತು ಇಮೋಜಿ ಇಟ್ಟರೂ ಅದು ಮರಳಿ ಬರುವುದಿಲ್ಲ. ಆದ್ದರಿಂದ ವೈಯಕ್ತಿಕ ಪೋಸ್ಟುಗಳನ್ನು ತಿದ್ದುವಾಗ ನಾನು ಮೊದಲು ನೋಡುವುದು ಪ್ರತಿಯೊಂದು ಇಮೋಜಿಯ ಹಿಂದೆ ಪೂರ್ಣ ವಾಕ್ಯವೊಂದು ಮುಗಿದಿದೆಯೇ ಎಂಬುದನ್ನು. ಮುಗಿದಿಲ್ಲದಿದ್ದರೆ ಆ ಇಮೋಜಿಯ ಅಳತೆ, ಸಂಖ್ಯೆ, ಬಣ್ಣ ಯಾವುದನ್ನೂ ಚರ್ಚಿಸುವ ಅಗತ್ಯವಿಲ್ಲ, ವಾಕ್ಯವನ್ನು ಮುಗಿಸಬೇಕು.

ಈಗ ನಿಮ್ಮ ಪೋಸ್ಟಿನಲ್ಲಿ ನನಗೆ ನಿಜವಾಗಿ ಕಳವಳ ತಂದ ಸಂಗತಿಗೆ ಬರುತ್ತೇನೆ. ಹಾರ ಹಾಕಿಸಿಕೊಂಡು ಕುಳಿತ ಹಿರಿಯರೊಬ್ಬರ ಚಿತ್ರ. ಅದರ ಜೊತೆ ಸಾಲಾಗಿ ಕೈಮುಗಿದ ಗುರುತು, ಹಣತೆ, ಅಳುವ ಮುಖ. ಫೋನಿನಲ್ಲಿ ಬೆರಳಾಡಿಸುತ್ತಾ ಹೋಗುವವರು ಪೋಸ್ಟನ್ನು ಮೊದಲ ನೋಟದಲ್ಲಿ ಓದುವುದಿಲ್ಲ, ಚಿತ್ರವನ್ನೂ ಬಣ್ಣದ ಗುರುತುಗಳನ್ನೂ ನೋಡುತ್ತಾರೆ. ನಮ್ಮಲ್ಲಿ ಹಾರ, ದೀಪ, ಕೈಮುಗಿದ ಗುರುತು ಮತ್ತು ಕಣ್ಣೀರು ಒಟ್ಟಿಗೆ ಬಂದರೆ ಅದು ಶ್ರದ್ಧಾಂಜಲಿಯ ರೂಪ. 🙏 ಎಂಬ ಗುರುತನ್ನು ನಾವು ನಮಸ್ಕಾರಕ್ಕೂ, ಧನ್ಯವಾದಕ್ಕೂ, ಕ್ಷಮೆ ಕೇಳಲೂ, ದೇವರ ಪಟದ ಕೆಳಗೂ, "ಓಂ ಶಾಂತಿ"ಯ ಪಕ್ಕದಲ್ಲಿಯೂ ಬಳಸುವುದರಿಂದ ಅದಕ್ಕೆ ಸ್ವಂತ ಅರ್ಥ ಬಹಳ ಕಡಿಮೆ; ಪಕ್ಕದಲ್ಲಿ ಏನಿದೆಯೋ ಅದರ ಅರ್ಥವನ್ನು ಅದು ತೆಗೆದುಕೊಳ್ಳುತ್ತದೆ. 🪔 ದೀಪಾವಳಿಗೆ ಎಷ್ಟು ಸಹಜವೋ ಅಗಲಿದವರ ನೆನಪಿಗೂ ಅಷ್ಟೇ ಸಹಜ. 😭 ಅನ್ನು ಈಗಿನ ಹುಡುಗರು ನಗು ತಡೆಯಲಾರದೆ ಬಳಸುತ್ತಾರೆ, ನಿಮ್ಮ ತಾಯಿಯವರ ವಯಸ್ಸಿನವರು ಅದನ್ನು ಅಳು ಎಂದೇ ಓದುತ್ತಾರೆ. ನಿಮ್ಮ ಮೊದಲ ಸಾಲಿನಲ್ಲಿ 🎉 ಇರುವುದು ನಿಜ, ಆದರೆ ಎಲ್ಲರೂ ಅದೇ ಗುರುತನ್ನು ಮೊದಲು ನೋಡುತ್ತಾರೆಂಬ ಭರವಸೆ ಇಲ್ಲ. ಯಾರೋ ಒಬ್ಬರು ಅವಸರದಲ್ಲಿ "ಓಂ ಶಾಂತಿ" ಎಂದು ಬರೆದರೆ, ಅದನ್ನು ನೋಡಿ ಇನ್ನಿಬ್ಬರು ಬರೆಯುತ್ತಾರೆ, ಮತ್ತು ಅದನ್ನು ಓದಬೇಕಾದವರು ಮನೆಯಲ್ಲಿ ಚೆನ್ನಾಗಿರುವ ನಿಮ್ಮ ತಾಯಿ. ಈ ಒಂದು ಕಾರಣಕ್ಕಾಗಿಯೇ ಆ ಮೂರು ಗುರುತುಗಳನ್ನೂ ತೆಗೆಯಬೇಕೆಂದು ಒತ್ತಾಯಿಸುತ್ತೇನೆ. ಸಾಧ್ಯವಿದ್ದರೆ ಚಿತ್ರವನ್ನೂ ಬದಲಿಸಿ: ಸಹೋದ್ಯೋಗಿಗಳ ನಡುವೆ ನಿಂತು ಮಾತನಾಡುತ್ತಿರುವ, ಅಥವಾ ಫಲತಾಂಬೂಲ ತೆಗೆದುಕೊಳ್ಳುತ್ತಿರುವ ಚಿತ್ರವಿದ್ದರೆ ಅದು ಮುಂದಿರಲಿ, ಹಾರದ್ದು ಎರಡನೆಯದಾಗಲಿ.

ಕಣ್ಣು ಮಂಜಾದವರು ಫೋನಿನಲ್ಲಿ ಬರಹವನ್ನು ಓದಿಸಿ ಕೇಳುತ್ತಾರೆಂಬುದೂ ನೆನಪಿರಲಿ. ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಇವು ಇಮೋಜಿ ಬಂದಲ್ಲಿ ಅದರ ಹೆಸರನ್ನು ಉಚ್ಚರಿಸುತ್ತವೆ. ಇಂಗ್ಲಿಷ್ ಧ್ವನಿ ಇಟ್ಟುಕೊಂಡವರಿಗೆ ನಿಮ್ಮ ಪೋಸ್ಟು "ಪಾರ್ಟಿ ಪಾಪರ್", "ಫೋಲ್ಡೆಡ್ ಹ್ಯಾಂಡ್ಸ್", "ಲೌಡ್ಲಿ ಕ್ರೈಯಿಂಗ್ ಫೇಸ್" ಎಂಬ ಮಾತುಗಳ ನಡುವೆ ತುಂಡುತುಂಡಾಗಿ ಕೇಳಿಸುತ್ತದೆ. ನಿವೃತ್ತರಾದ ಹಿರಿಯ ಶಿಕ್ಷಕರು ಓದುವ ಪೋಸ್ಟಿಗೆ ಇದು ದೂರದ ಮಾತಲ್ಲ. ಒಂದು ಇಮೋಜಿ ಕೊನೆಯಲ್ಲಿದ್ದರೆ ಅಡ್ಡಿಯಾಗುವುದಿಲ್ಲ. ವಾಕ್ಯದ ಮಧ್ಯೆ ಮೂರು ಮೂರಾಗಿ ಇದ್ದರೆ ಮಾತಿನ ಎಳೆ ಕಡಿಯುತ್ತದೆ.

ಹಾಗೆಂದು ಎಲ್ಲವನ್ನೂ ಅಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಬರಹದಲ್ಲಿ ದನಿ ಇಲ್ಲ, ಮುಖ ಇಲ್ಲ. ಮನೆಮಂದಿಯ ನಡುವಿನ ತಮಾಷೆ ಬರಹದಲ್ಲಿ ದೂರಿನಂತೆ ಕೇಳಬಹುದು, ಪ್ರೀತಿಯ ಮಾತು ಬೇಸರದಂತೆ ಕಾಣಬಹುದು. ಅಂಥ ಕಡೆ ಒಂದು ಇಮೋಜಿ ದನಿಯ ಕೆಲಸ ಮಾಡುತ್ತದೆ. ಅದನ್ನು ತಿಳಿಯಲು ನಾನು ಬಳಸುವ ಪರೀಕ್ಷೆ ಸರಳವಾದದ್ದು. ಒಂದು ಇಮೋಜಿಯನ್ನು ಬೆರಳಿನಿಂದ ಮುಚ್ಚಿ ವಾಕ್ಯವನ್ನು ಓದಿ. ಏನೂ ಬದಲಾಗದಿದ್ದರೆ ಅದು ಬೇಡವಾಗಿತ್ತು, ತೆಗೆಯಿರಿ. ಭಾವನೆಯೇ ಮಾಯವಾದರೆ, ನೀವು ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲವೆಂದು ಅರ್ಥ. ಆಗಲೂ ಇಮೋಜಿ ತೆಗೆದು ವಾಕ್ಯವನ್ನು ಬರೆಯಬೇಕು. ವಾಕ್ಯದ ಅರ್ಥ ಸರಿಯಾಗಿಯೇ ಇದ್ದು ಅದರ ದನಿ ಮಾತ್ರ ತಪ್ಪು ದಿಕ್ಕಿಗೆ ತಿರುಗಿದರೆ, ಆ ಇಮೋಜಿಯನ್ನು ಉಳಿಸಿಕೊಳ್ಳಿ. ನಿಮ್ಮ ಪೋಸ್ಟಿನ ಮೇಲೆ ಇದನ್ನು ಪ್ರಯೋಗಿಸಿದರೆ ✨ ಮೊದಲ ಗುಂಪಿಗೆ ಸೇರುತ್ತದೆ, ❤️❤️❤️ ಎರಡನೆಯದಕ್ಕೆ. ಮೂರನೆಯ ಗುಂಪಿಗೆ ಸೇರುವ ಇಮೋಜಿ ಅದರಲ್ಲಿ ಒಂದೂ ಇಲ್ಲ, ಏಕೆಂದರೆ ದನಿಗೆ ಆಸರೆ ಬೇಕಾಗುವಂಥ ನಿರ್ದಿಷ್ಟ ಮಾತೇ ಅಲ್ಲಿಲ್ಲ.

ನೀವು ಪತ್ರದಲ್ಲಿ ತಿಳಿಸಿದ ಸಂಗತಿಗಳನ್ನೇ ತೆಗೆದುಕೊಂಡು ನಾನು ಹೀಗೆ ಬರೆಯುತ್ತಿದ್ದೆ:

"ಅಮ್ಮ ಶುಕ್ರವಾರ ನಿವೃತ್ತರಾದರು. 34 ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದ್ದಾರೆ. ಅವರ ಬ್ಯಾಗಿನಲ್ಲಿ ಯಾವಾಗಲೂ ನಾಲ್ಕೈದು ಬಳಪ ಇರುತ್ತಿದ್ದವು, ಮನೆಯಿಂದ ತರಲಾಗದ ಮಕ್ಕಳಿಗೆಂದು. ಇನ್ನು ಬೆಳಗ್ಗೆ ನಿಧಾನವಾಗಿ ಏಳಿ ಎಂದು ನಾವೆಲ್ಲ ಹೇಳಿದ್ದೆವು. ಶನಿವಾರವೂ ಐದಕ್ಕೇ ಎದ್ದು ಟಿಫಿನ್ ಡಬ್ಬಿ ತೊಳೆದಿಟ್ಟಿದ್ದರು 😊

ಅಮ್ಮನ ಬಳಿ ಕಲಿತವರ ಹತ್ತಿರ ಹಳೆಯ ಚಿತ್ರಗಳಿದ್ದರೆ ಈ ಟ್ಯಾಗ್ ಹಾಕಿ ಹಂಚಿಕೊಳ್ಳಿ: #ನಮ್ಮೂರ_ಶಾಲೆ_ಬೀಳ್ಕೊಡುಗೆ"

ಇಲ್ಲಿ ಇಮೋಜಿ ಒಂದೇ ಇದೆ, ಅದು ಟಿಫಿನ್ ಡಬ್ಬಿಯ ವಾಕ್ಯದ ಕೊನೆಗಿದೆ. ಅದನ್ನು ಮುಚ್ಚಿ ಓದಿದರೆ ಆ ವಾಕ್ಯ ಕೆಲಸ ಕಳೆದುಕೊಂಡವರ ದುಃಖವನ್ನು ಹೇಳುತ್ತಿರುವಂತೆ ಕೇಳಿಸಬಹುದು. ನೀವು ಅದನ್ನು ನನಗೆ ಬರೆದದ್ದು ಅಕ್ಕರೆಯಿಂದ ಎಂದು ನಾನು ತಿಳಿದಿದ್ದೇನೆ, ಆ ಸಣ್ಣ ನಗುಮುಖ ಅಕ್ಕರೆಯ ಕಡೆಗೆ ವಾಕ್ಯವನ್ನು ವಾಲಿಸುತ್ತದೆ. ನೀವು ನಿಜವಾಗಿ ದುಃಖದಿಂದಲೇ ಬರೆದಿದ್ದರೆ ಅದನ್ನು ತೆಗೆಯಿರಿ, ವಾಕ್ಯ ಸುಮ್ಮನೆ ನಿಲ್ಲಲಿ. ಬಳಪದ ವಾಕ್ಯದ ಪಕ್ಕದಲ್ಲಿ ಮಾತ್ರ ಏನನ್ನೂ ಇಡಬೇಡಿ. ಪೋಸ್ಟಿನ ಅತ್ಯಂತ ಗಟ್ಟಿ ವಾಕ್ಯದ ಪಕ್ಕದಲ್ಲಿ ಹೃದಯದ ಗುರುತು ಇಟ್ಟರೆ, ಇಲ್ಲಿ ಮನಸ್ಸು ಕರಗಬೇಕು ಎಂದು ಓದುಗರಿಗೆ ಸೂಚನೆ ಕೊಟ್ಟಂತಾಗುತ್ತದೆ, ಮತ್ತು ಸೂಚನೆ ಸಿಕ್ಕ ಕೂಡಲೇ ಓದುಗರು ಸ್ವಲ್ಪ ಹಿಂದೆ ಸರಿಯುತ್ತಾರೆ.

ಉಳಿದ ಒಂದು ಟ್ಯಾಗಿಗೆ ಈಗ ನಿಜವಾದ ಕೆಲಸವಿದೆ: 34 ವರ್ಷಗಳಲ್ಲಿ ಕಲಿತು ಬೇರೆ ಬೇರೆ ಊರು ಸೇರಿದವರ ಬಳಿ ಇರುವ ಚಿತ್ರಗಳನ್ನು ಒಂದೆಡೆ ಸೇರಿಸುವುದು. ಅದು ಮಾತಿನಿಂದ ಬೇರೆಯಾಗಿ, ಕೊನೆಯ ಸಾಲಿನಲ್ಲಿ, ಏಕೆ ಇದೆಯೆಂದು ಹೇಳಿಕೊಂಡೇ ನಿಂತಿದೆ. ಇಂಗ್ಲಿಷಿನಲ್ಲಿ #ProudDaughter ಎಂದು ದೊಡ್ಡಕ್ಷರಗಳಿಂದ ಪದಗಳನ್ನು ಬೇರ್ಪಡಿಸಬಹುದು. ಕನ್ನಡದಲ್ಲಿ ದೊಡ್ಡಕ್ಷರವಿಲ್ಲದ ಕಾರಣ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಬೇಕಾಗುತ್ತದೆ, ಏಕೆಂದರೆ ಖಾಲಿ ಜಾಗ ಬಂದಲ್ಲಿ ಟ್ಯಾಗ್ ಮುಗಿದುಹೋಗುತ್ತದೆ. ನಾನು ಬರೆದದ್ದು ಮಾದರಿ ಮಾತ್ರ. ನಿಮ್ಮದು ಬೇರೆಯವರು ಬಳಸಿರದಷ್ಟು ನಿರ್ದಿಷ್ಟವಾಗಿರಬೇಕು. ಹಾಕುವ ಮೊದಲು ಅದನ್ನು ಹುಡುಕಿ, ಅದರಡಿ ಈಗಾಗಲೇ ಏನಾದರೂ ಇದೆಯೇ ನೋಡಿ. ಹಾಕಿದ ಮೇಲೆ ಒಮ್ಮೆ ಒತ್ತಿ ನೋಡಿ. ಟ್ಯಾಗಿನ ಅರ್ಧ ಭಾಗ ಮಾತ್ರ ಕೊಂಡಿಯಾಗಿ ಉಳಿದದ್ದು ಸಾಮಾನ್ಯ ಅಕ್ಷರವಾಗಿ ಕಂಡರೆ ನಡುವೆ ಎಲ್ಲೋ ಖಾಲಿ ಜಾಗ ಅಥವಾ ಚಿಹ್ನೆ ಸೇರಿದೆ ಎಂದು ತಿಳಿಯಬೇಕು. ಇನ್ನೊಂದು ಎಚ್ಚರಿಕೆ: ಇಂಥ ಟ್ಯಾಗ್ ಉಪಯೋಗವಾಗಬೇಕಾದರೆ ಪೋಸ್ಟು ಸಾರ್ವಜನಿಕವಾಗಿರಬೇಕು, ಸಾರ್ವಜನಿಕವಾದರೆ ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಮುಖಗಳಿರುವ ಗುಂಪು ಚಿತ್ರ ಅದರಲ್ಲಿ ಇರಬಾರದು. ಮಕ್ಕಳ ಚಿತ್ರಗಳನ್ನು ಹಾಕಲೇಬೇಕೆಂದಿದ್ದರೆ ಟ್ಯಾಗ್ ಬಿಟ್ಟು, ಸ್ನೇಹಿತರಿಗೆ ಮಾತ್ರ ಕಾಣುವಂತೆ ಹಾಕಿ.

ಇದೇ ಬರಹವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸುವುದಾದರೆ ಟ್ಯಾಗ್ ತೆಗೆದುಬಿಡಿ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಇಮೋಜಿಯ ವಿಷಯದಲ್ಲಿ ಅಲ್ಲಿ ಸ್ವಲ್ಪ ಸಡಿಲ ಬಿಡಬಹುದು. ನೀವು ದಿನವೂ ಆ ಗುಂಪಿನಲ್ಲಿ ಇಮೋಜಿ ಹಾಕಿಯೇ ಮಾತನಾಡುವವರಾಗಿದ್ದರೆ, ಈ ಒಂದು ದಿನ ಒಂದೂ ಇಲ್ಲದ ಬಿಗಿಯಾದ ಬರಹ ಬಂದಾಗ ಬೇರೆ ಯಾರಿಂದಲೋ ಬರೆಸಿದಂತೆ ಕಾಣುತ್ತದೆ, ಅದೂ ಪ್ರಾಮಾಣಿಕತೆಗೆ ಕುಂದೇ. ನಿಮ್ಮ ಚಿಕ್ಕಪ್ಪ, ದೊಡ್ಡಮ್ಮಂದಿರಿಗೆ ನಿಮ್ಮ ದಿನನಿತ್ಯದ ದನಿ ಗೊತ್ತು, ಅದಕ್ಕೆ ಹತ್ತಿರವಾಗಿರಿ. ಮಗುವಿನ ಮೊದಲ ಹೆಜ್ಜೆ, ಹೊಸ ಗಾಡಿ ತಂದದ್ದು, ಪರೀಕ್ಷೆ ಪಾಸಾದದ್ದು ಇಂಥ ಹಗುರವಾದ ಸಂತೋಷಗಳಲ್ಲಿ ಎರಡು ಇಮೋಜಿ ಹೆಚ್ಚಾದರೂ ಯಾರಿಗೂ ನೋವಾಗುವುದಿಲ್ಲ. ನಿವೃತ್ತಿ, ದೀರ್ಘ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದದ್ದು ಇಂಥವುಗಳಲ್ಲಿ ಸಂತೋಷವೂ ಕಳೆದುಕೊಂಡದ್ದೂ ಒಟ್ಟಿಗೆ ಇರುತ್ತವೆ. ಇಮೋಜಿ ಎರಡರಲ್ಲಿ ಒಂದನ್ನು ಮಾತ್ರ ಆರಿಸಿ ಹೇಳಬಲ್ಲದು, ಆದ್ದರಿಂದ ಅಲ್ಲಿ ಕೈ ಬಿಗಿ ಹಿಡಿಯಬೇಕು.

ಪೋಸ್ಟು ಹೋದ ಮೇಲೆ ಬರುವ ಪ್ರತಿಕ್ರಿಯೆಗಳಿಗೆ ಹೇಗೆ ಉತ್ತರಿಸುವಿರಿ ಎಂಬುದೂ ಇದರ ಭಾಗವೇ. "ಶುಭಾಶಯಗಳು" ಎಂದಷ್ಟೇ ಬರೆದವರಿಗೆ ಒಂದು ❤️ ಸಾಕು, ಅದು ಸರಿಯಾದ ಅಳತೆ. ಆದರೆ ಹಳೆಯ ವಿದ್ಯಾರ್ಥಿಯೊಬ್ಬರು ನಾಲ್ಕು ಸಾಲು ಬರೆದು ಟೀಚರ್ ತಮಗೆ ಏನು ಮಾಡಿದರೆಂದು ನೆನೆದಿದ್ದರೆ ಅವರಿಗೆ 🙏 ಒತ್ತಿ ಮುಂದೆ ಹೋಗಬೇಡಿ. ಅದನ್ನು ತಾಯಿಯವರಿಗೆ ಓದಿ ಹೇಳಿ, ಅವರು ಏನೆಂದರೋ ಅದನ್ನು ಅವರ ಮಾತಿನಲ್ಲಿಯೇ, ಆ ವಿದ್ಯಾರ್ಥಿಯ ಹೆಸರು ಹಿಡಿದು ಬರೆಯಿರಿ.